ಧಾರಣೆ ಪಟ್ಟಿಯ ಅಗಲ: ಕೆಲ್ಟ್ನರ್ ಮತ್ತು ಬೋಲಿಂಜರ್ ವಿಧಾನಗಳು



ನಮ್ಮ ರೊಬಸ್ಟಾ ಕಾಫಿಯ ಧಾರಣೆ ಲಂಡನ್ ವಾಯಿದೆ ಪೇಟೆಯನ್ನೂ ಅರೇಬಿಕಾ ಧಾರಣೆ ನ್ಯೂಯಾರ್ಕ್ ವಾಯಿದೆ ಪೇಟೆಯನ್ನೂ ಅನುಸರಿಸಿ ಏರಿಳಿಯುವುದು ಸದಸ್ಯರಿಗೆಲ್ಲ ತಿಳಿದ ವಿಷಯ. ಈಗ ಈ ಪೇಟೆಗಳ ಧಾರಣೆ ನಕ್ಷೆ ಮೊಬೈಲಿನಲ್ಲೇ ಸಿಗುತ್ತದೆ. ನಕ್ಷೆಯಲ್ಲಿ ಧಾರಣೆಯ ಗೆರೆಯ ಮೇಲೊಂದು, ಕೆಳಗೊಂದು ಅಂಚು ಎಳೆದಿರುವುದನ್ನು ಹಲವರು ಕಂಡಿರಬಹುದು. ಧಾರಣೆ ಮೇಲಂಚನ್ನು ಮುಟ್ಟಿತೆಂದರೆ "ಇನ್ನು ಇಳಿಯುತ್ತದೆ, ಗೋದಾಮಿನಲ್ಲಿರುವುದನ್ನೆಲ್ಲ ಮಾರಿಬಿಡಿ" ಎಂಬ ಸಲಹೆಯೂ ಅದರ ಹಿಂದೆಯೇ ಬರುತ್ತದೆ. ಆದರೆ ಅದು ಯಾವ ಅಂಚು, ಅದರ ಅಗಲವನ್ನು ಯಾವುದರಿಂದ ಅಳೆಯಲಾಗಿದೆ ಎಂದು ತಿಳಿಯದೆ ಒಂದು ಮೂಟೆಯನ್ನೂ ಮಾರುವುದು ಸರಿಯಲ್ಲ. ಆ ಲೆಕ್ಕವನ್ನು ಈ ಪಾಠದಲ್ಲಿ ನೋಡೋಣ.

ಎರಡು ಪಟ್ಟಿಗಳು

ಎರಡೂ ವಿಧಾನಗಳಲ್ಲಿ ನಡುವೆ ಇರುವುದು ಕೆಲವು ದಿನಗಳ ಸರಾಸರಿ ಧಾರಣೆ. ಸಾಮಾನ್ಯವಾಗಿ 20 ದಿನಗಳದನ್ನು ತೆಗೆದುಕೊಳ್ಳುತ್ತಾರೆ. ದಿನ ಕಳೆದಂತೆ ಹಳೆಯ ದಿನವೊಂದನ್ನು ಬಿಟ್ಟು ಹೊಸ ದಿನವೊಂದನ್ನು ಸೇರಿಸುತ್ತಾ ಹೋಗುವುದು ಇದರ ಕ್ರಮ. ಈ ಸರಾಸರಿಗಿಂತ ಎಷ್ಟು ಮೇಲೆ ಮತ್ತು ಎಷ್ಟು ಕೆಳಗೆ ಅಂಚನ್ನು ಎಳೆಯಬೇಕು ಎಂಬುದರಲ್ಲೇ ವ್ಯತ್ಯಾಸವಿದೆ.

ಅಮೆರಿಕದ ಜಾನ್ ಬೋಲಿಂಜರ್ ಅವರು 1980ರ ದಶಕದಲ್ಲಿ ರೂಪಿಸಿದ ಪಟ್ಟಿಯಲ್ಲಿ ಅಗಲಕ್ಕೆ ಆಧಾರ ಮಾನಕ ವಿಚಲನೆ. ಪ್ರತಿದಿನದ ಮುಕ್ತಾಯ ಧಾರಣೆಯು ಸರಾಸರಿಯಿಂದ ಎಷ್ಟು ದೂರವಿದೆ ಎಂದು ನೋಡಿ, ಆ ದೂರಗಳನ್ನು ವರ್ಗ ಮಾಡಿ, ವರ್ಗಗಳ ಸರಾಸರಿ ತೆಗೆದು, ಅದರ ವರ್ಗಮೂಲ ಕಂಡುಹಿಡಿದರೆ ಅದೇ ಮಾನಕ ವಿಚಲನೆ. ಅದರ ಎರಡರಷ್ಟು ಮೇಲೆ, ಎರಡರಷ್ಟು ಕೆಳಗೆ ಅಂಚು ಬರುತ್ತದೆ.

ಚೆಸ್ಟರ್ ಕೆಲ್ಟ್ನರ್ ಅವರ ಪಟ್ಟಿ ಇದಕ್ಕಿಂತ ಹಳೆಯದು. ಸರಕುಗಳ ವ್ಯಾಪಾರದ ಬಗ್ಗೆ ಅವರು ಬರೆದ ಪುಸ್ತಕ 1960ರಲ್ಲಿ ಪ್ರಕಟವಾಯಿತು. ಅವರು 10 ದಿನಗಳ ಸರಾಸರಿ ತೆಗೆದುಕೊಂಡು, ಪ್ರತಿದಿನದ ಗರಿಷ್ಠ ಮತ್ತು ಕನಿಷ್ಠ ಧಾರಣೆಗಳ ಅಂತರದ ಸರಾಸರಿಯನ್ನೇ ಅಗಲವಾಗಿ ಇಟ್ಟುಕೊಂಡಿದ್ದರು. ಮುಂದೆ ಲಿಂಡಾ ರಾಶ್ಕೆ ಮೊದಲಾದವರು ಇದನ್ನು 20 ದಿನಗಳಿಗೆ ಏರಿಸಿ, ಅಗಲಕ್ಕೆ ವೆಲ್ಲೆಸ್ ವೈಲ್ಡರ್ ಅವರ ಎ.ಟಿ.ಆರ್. ಅಳತೆಯನ್ನು ಬಳಸಿದರು. ಇಂದು ಮೊಬೈಲಿನಲ್ಲಿ ಕೆಲ್ಟ್ನರ್ ಹೆಸರಿನಲ್ಲಿ ಸಾಮಾನ್ಯವಾಗಿ ಕಾಣುವುದು ಈ ಹೊಸ ರೂಪ.

ಎ.ಟಿ.ಆರ್. ಎಂದರೇನು?

ವೈಲ್ಡರ್ ಅವರು 1978ರ ತಮ್ಮ ಪುಸ್ತಕದಲ್ಲಿ ಕೊಟ್ಟ ಈ ಅಳತೆಯನ್ನು ನಾವು 'ನಿಜ ಓಡಾಟದ ಸರಾಸರಿ' ಎನ್ನಬಹುದು. ಒಂದು ದಿನದ ನಿಜ ಓಡಾಟ ತಿಳಿಯಲು ಮೂರು ಅಂತರಗಳನ್ನು ನೋಡಬೇಕು. ಒಂದು, ಇಂದಿನ ಗರಿಷ್ಠ ಮತ್ತು ಕನಿಷ್ಠಗಳ ಅಂತರ. ಎರಡು, ನಿನ್ನೆಯ ಮುಕ್ತಾಯ ಮತ್ತು ಇಂದಿನ ಗರಿಷ್ಠಗಳ ಅಂತರ. ಮೂರು, ನಿನ್ನೆಯ ಮುಕ್ತಾಯ ಮತ್ತು ಇಂದಿನ ಕನಿಷ್ಠಗಳ ಅಂತರ. ಈ ಮೂರರಲ್ಲಿ ದೊಡ್ಡದು ಯಾವುದೋ ಅದೇ ಆ ದಿನದ ನಿಜ ಓಡಾಟ. ಅವುಗಳ ಸರಾಸರಿಯೇ ಎ.ಟಿ.ಆರ್.

ನಿನ್ನೆಯ ಮುಕ್ತಾಯವನ್ನು ಲೆಕ್ಕಕ್ಕೆ ತಂದದ್ದೇಕೆ ಎಂಬುದು ಕಾಫಿಯವರಿಗೆ ಬೇಗ ತಿಳಿಯುತ್ತದೆ. ಪೇಟೆ ಮುಚ್ಚಿರುವಾಗಲೂ ಬ್ರೆಜಿಲ್‌ನಲ್ಲಿ ಹಿಮ ಬೀಳುತ್ತದೆ. 2021ರ ಜುಲೈನಲ್ಲಿ ಹಾಗೆ ಹಿಮ ಹೊಡೆದಾಗ ನ್ಯೂಯಾರ್ಕ್ ಅರೇಬಿಕಾ ಒಂದು ವಾರದೊಳಗೆ ಪೌಂಡಿಗೆ 2 ಡಾಲರ್ ದಾಟಿತು. ಇಂಥ ಸುದ್ದಿಯ ಮರುದಿನ ಪೇಟೆ ನಿನ್ನೆ ನಿಂತ ಕಡೆಯಿಂದ ಹೊರಡದೆ, ಮೇಲೆ ಜಿಗಿದೇ ತೆರೆಯಬಹುದು. ಆ ಜಿಗಿತ ಇಂದಿನ ಗರಿಷ್ಠ-ಕನಿಷ್ಠದ ಅಂತರದಲ್ಲಿ ಕಾಣುವುದಿಲ್ಲ.

ಮೂರು ಬಗೆಯ ಪೇಟೆ

ಈಗ ಲೆಕ್ಕ ಮಾಡಿ ನೋಡೋಣ. ಕೆಳಗಿನವು ಪಾಠಕ್ಕಾಗಿ ಇಟ್ಟುಕೊಂಡ ಅಂಕಿಗಳು. ಟನ್ನಿಗೆ ಇಷ್ಟು ಡಾಲರ್ ಎಂಬ ಲಂಡನ್ ರೊಬಸ್ಟಾ ಲೆಕ್ಕದಲ್ಲಿವೆ. ಹೋಲಿಕೆಗೆ ಅನುಕೂಲವಾಗಲೆಂದು ಎಲ್ಲದಕ್ಕೂ 20 ದಿನಗಳ ಸಾದಾ ಸರಾಸರಿ ಇಟ್ಟು, ಬೋಲಿಂಜರ್‌ಗೆ ಮಾನಕ ವಿಚಲನೆಯ ಎರಡರಷ್ಟು, ಕೆಲ್ಟ್ನರ್‌ಗೆ ಎ.ಟಿ.ಆರ್.ನ ಎರಡರಷ್ಟು ಅಗಲ ಹಿಡಿದಿದ್ದೇವೆ.

ಮೊದಲನೆಯದು, ಮೆಟ್ಟಿಲು ಹತ್ತಿದಂತೆ ಏರುವ ಪೇಟೆ. ಮೊದಲ ದಿನ 4000ಕ್ಕೆ ಮುಕ್ತಾಯವಾದ ಧಾರಣೆ ದಿನಕ್ಕೆ 40ರಂತೆ ಏರಿ ಇಪ್ಪತ್ತನೆಯ ದಿನ 4760ಕ್ಕೆ ಬಂದಿದೆ. ಪ್ರತಿದಿನದ ನಿಜ ಓಡಾಟ 50 ಮಾತ್ರ. 20 ದಿನಗಳ ಸರಾಸರಿ 4380. ಮುಕ್ತಾಯಗಳು ಸರಾಸರಿಯಿಂದ ಬಹುದೂರ ಹರಡಿರುವುದರಿಂದ ಮಾನಕ ವಿಚಲನೆ ಸುಮಾರು 231 ಆಗುತ್ತದೆ. ಬೋಲಿಂಜರ್ ಮೇಲಂಚು ಸುಮಾರು 4841. ಧಾರಣೆ ಇನ್ನೂ ಪಟ್ಟಿಯ ಒಳಗಿದೆ. ಕೆಲ್ಟ್ನರ್ ಮೇಲಂಚಾದರೋ 4480. ಧಾರಣೆ ಅದನ್ನು 280 ಡಾಲರ್ ಮೀರಿ ನಿಂತಿದೆ!

ಒಂದೇ ಪೇಟೆ, ಒಂದೇ ದಿನ. ಒಂದು ಪಟ್ಟಿಯ ಒಳಗೆ, ಇನ್ನೊಂದರ ಹೊರಗೆ. ಕಾರಣ ಸರಳ. ಪೇಟೆ ಒಂದೇ ದಿಕ್ಕಿಗೆ ನಡೆದರೆ ಆ ನಡಿಗೆಯೇ ಮಾನಕ ವಿಚಲನೆಯನ್ನು ಹಿಗ್ಗಿಸುತ್ತದೆ. ಎ.ಟಿ.ಆರ್. ದಿನದ ಓಡಾಟವನ್ನಷ್ಟೇ ಅಳೆಯುವುದರಿಂದ ದಿಕ್ಕಿನ ಗೊಡವೆ ಅದಕ್ಕಿಲ್ಲ. ಆದ್ದರಿಂದ ಕೆಲ್ಟ್ನರ್ ಮೇಲಂಚು ದಾಟಿದ್ದು ಏರಿಕೆ ಬಲವಾಗಿದೆ ಎಂಬುದರ ಗುರುತು. ಕೆಲ್ಟ್ನರ್ ಅವರೂ ಮೇಲಂಚು ದಾಟಿದರೆ ಕೊಳ್ಳಬೇಕೆಂದೇ ಹೇಳಿದ್ದರು. 2024ರ ಆರಂಭದಲ್ಲಿ 3000 ಡಾಲರ್ ಆಸುಪಾಸಿನಲ್ಲಿದ್ದ ಲಂಡನ್ ರೊಬಸ್ಟಾ ಸೆಪ್ಟೆಂಬರಿನಲ್ಲಿ 5000 ದಾಟಿದ್ದನ್ನು ನೆನೆಯಿರಿ. ಅಂಥ ವರ್ಷ ಮೊದಲ ಸಲ ಮೇಲಂಚು ದಾಟಿದಾಗಲೇ ಗೋದಾಮು ಬರಿದು ಮಾಡಿಕೊಂಡವರಿಗೆ ಮುಂದಿನ ಏರಿಕೆ ಸಿಗುವಂತಿರಲಿಲ್ಲ.

ಎರಡನೆಯದು, ನಿಂತಲ್ಲೇ ಕುದಿಯುವ ಪೇಟೆ. ಮುಕ್ತಾಯ ಒಂದು ದಿನ 4000, ಮರುದಿನ 4020, ಮತ್ತೆ 4000. ಆದರೆ ದಿನದೊಳಗೆ ಧಾರಣೆ 3950ಕ್ಕೆ ಇಳಿದು 4070ಕ್ಕೆ ಏರುತ್ತದೆ. ಮಾನಕ ವಿಚಲನೆ ಕೇವಲ 10; ಬೋಲಿಂಜರ್ ಪಟ್ಟಿ 3990ರಿಂದ 4030. ನಿಜ ಓಡಾಟ 120. ಕೆಲ್ಟ್ನರ್ ಪಟ್ಟಿ 3770ರಿಂದ 4250. ಇಲ್ಲಿ ಧಾರಣೆ ದಿನವೂ ಬೋಲಿಂಜರ್‌ನ ಎರಡೂ ಅಂಚುಗಳನ್ನು ಹಾಯ್ದು ಬರುತ್ತದೆ. ಅದಕ್ಕೆ ಏನೂ ಅರ್ಥವಿಲ್ಲ. ಬೋಲಿಂಜರ್ ಪಟ್ಟಿ ಹೀಗೆ ಕುಗ್ಗಿ ಕೆಲ್ಟ್ನರ್ ಪಟ್ಟಿಯ ಒಳಗೆ ಸೇರಿದರೆ ಪೇಟೆ ಬಿಗಿದುಕೊಂಡಿದೆ ಎನ್ನುತ್ತಾರೆ. ಮುಂದೆ ದೊಡ್ಡ ಚಲನೆ ಬರಬಹುದೆಂದು ಅದು ಸೂಚಿಸುತ್ತದೆ. ಮೇಲಕ್ಕೋ ಕೆಳಕ್ಕೋ ಎಂಬುದನ್ನು ಹೇಳುವುದಿಲ್ಲ.

ಮೂರನೆಯದು, ಜಿಗಿಯುವ ಪೇಟೆ. ಸರಾಸರಿ 4000, ಮಾನಕ ವಿಚಲನೆ 20, ದಿನದ ಓಡಾಟ 60 ಇದ್ದ ಶಾಂತ ಪೇಟೆ ಶುಕ್ರವಾರ 4000ಕ್ಕೆ ಮುಕ್ತಾಯವಾಗಿದೆ. ಸೋಮವಾರ ಕನಿಷ್ಠ 4180, ಗರಿಷ್ಠ 4230, ಮುಕ್ತಾಯ 4210. ಗರಿಷ್ಠ-ಕನಿಷ್ಠದ ಅಂತರ 50. ಆದರೆ ಶುಕ್ರವಾರದ 4000ದಿಂದ ಗರಿಷ್ಠಕ್ಕೆ 230. ಇದೇ ನಿಜ ಓಡಾಟ.

ಹಳೆಯ ಅಳತೆಯಂತೆ ಓಡಾಟದ ಸರಾಸರಿ 60ರಿಂದ 59.5ಕ್ಕೆ ಇಳಿಯುತ್ತದೆ. ಅಂದರೆ ದೊಡ್ಡ ಸುದ್ದಿ ಬಂದ ದಿನವೇ ಪಟ್ಟಿ ಕಿರಿದಾಗುತ್ತದೆ! ಈ ದೋಷವನ್ನು ಎ.ಟಿ.ಆರ್. ಸರಿಪಡಿಸುತ್ತದೆ: ಅದು 60ರಿಂದ 68.5ಕ್ಕೆ ಏರಿ, ಸರಾಸರಿಯಿಂದ ಅಂಚಿಗಿರುವ ದೂರ 120ರಿಂದ 137 ಆಗುತ್ತದೆ. ಬೋಲಿಂಜರ್‌ನಲ್ಲಿ ಮಾನಕ ವಿಚಲನೆ 20ರಿಂದ ಸುಮಾರು 50ಕ್ಕೆ ಹಾರಿ, ಆ ದೂರ 40ರಿಂದ ಸುಮಾರು 100 ಆಗುತ್ತದೆ. ಧಾರಣೆ ಏರಿದ ದಿನವೇ ಕೆಳಂಚು 3960ರಿಂದ ಸುಮಾರು 3911ಕ್ಕೆ ಕುಸಿಯುವುದನ್ನು ಗಮನಿಸಿ. ದೂರವನ್ನು ವರ್ಗ ಮಾಡುವುದರಿಂದ ಒಂದೇ ದಿನದ ಜಿಗಿತಕ್ಕೆ ಅಷ್ಟು ತೂಕ ಬರುತ್ತದೆ. ಆ ದಿನ ಲೆಕ್ಕದಿಂದ ಬಿಟ್ಟುಹೋದಾಗ ಪಟ್ಟಿ ಅಷ್ಟೇ ಥಟ್ಟನೆ ಕುಗ್ಗಲೂಬಹುದು. ಎ.ಟಿ.ಆರ್. ಪಟ್ಟಿಯ ಅಗಲ ಇದಕ್ಕಿಂತ ನಿಧಾನವಾಗಿ ಬದಲಾಗುತ್ತದೆ.

ಎಲ್ಲಿ ಲೆಕ್ಕ ತಪ್ಪುತ್ತದೆ?

ವಾಯಿದೆ ಪೇಟೆಯಲ್ಲಿ ಪ್ರತಿ ತಿಂಗಳ ಒಪ್ಪಂದಕ್ಕೂ ಧಾರಣೆ ಬೇರೆ. ಲಂಡನ್ ರೊಬಸ್ಟಾದಲ್ಲಿ ಜನವರಿ, ಮಾರ್ಚ್, ಮೇ, ಜುಲೈ, ಸೆಪ್ಟೆಂಬರ್, ನವೆಂಬರ್ ಒಪ್ಪಂದಗಳಿವೆ. ನಿನ್ನೆ ಜುಲೈ ಧಾರಣೆ ಬರೆದು ಇಂದು ಸೆಪ್ಟೆಂಬರ್ ಧಾರಣೆ ಬರೆದರೆ, ಎರಡರ ನಡುವಿನ ಅಂತರವನ್ನು ಎ.ಟಿ.ಆರ್. ಜಿಗಿತವೆಂದೇ ತಿಳಿಯುತ್ತದೆ. ಪೇಟೆಯಲ್ಲಿ ಯಾವ ಸುದ್ದಿಯೂ ಇಲ್ಲದೆ ತಿಂಗಳು ಬದಲಾದ ದಿನವೇ ದೊಡ್ಡ ಓಡಾಟ ಕಂಡರೆ ಇದೇ ಕಾರಣವಿರಬಹುದು. ತಿಂಗಳು ಬದಲಿಸುವ ದಿನ ಹೊಸ ತಿಂಗಳ ನಿನ್ನೆಯ ಮುಕ್ತಾಯವನ್ನೇ ಹಿಡಿದು ಲೆಕ್ಕ ಮಾಡಬೇಕು.

ಅಡಿಕೆ ಬೆಳೆಗಾರರು ಇನ್ನೊಂದು ಮಾತನ್ನು ಗಮನಿಸಬೇಕು. ಮಾರುಕಟ್ಟೆ ಸಮಿತಿಯ ಧಾರಣೆ ಪಟ್ಟಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ ಎಂದು ಇರುತ್ತದೆ. ಅವುಗಳನ್ನು ಎ.ಟಿ.ಆರ್. ಲೆಕ್ಕಕ್ಕೆ ಹಾಕಬಾರದು. ವಾಯಿದೆ ಪೇಟೆಯ ಗರಿಷ್ಠ-ಕನಿಷ್ಠವು ಒಂದೇ ಸರಕಿನ ಧಾರಣೆ ದಿನದಲ್ಲಿ ಓಡಾಡಿದ ದೂರ. ಅಡಿಕೆಯ ಕನಿಷ್ಠ-ಗರಿಷ್ಠದ ಅಂತರದಲ್ಲಿ ಲಾಟಿನಿಂದ ಲಾಟಿಗೆ ಇರುವ ಗುಣಮಟ್ಟದ ವ್ಯತ್ಯಾಸ ಸೇರಿರುತ್ತದೆ. ಒಂದು ದಿನ ಕಳಪೆ ಲಾಟೊಂದು ಬಂದರೂ ಸಾಕು, ಧಾರಣೆ ಕದಲದಿದ್ದರೂ ಪಟ್ಟಿ ಹಿಗ್ಗಿಬಿಡುತ್ತದೆ. ಅಡಿಕೆಗೆ ಒಂದೇ ದರ್ಜೆಯ, ಹೆಚ್ಚು ಮಾಲು ಮಾರಾಟವಾದ ಧಾರಣೆಯನ್ನು ಮಾತ್ರ ಬರೆದು, ನಿನ್ನೆಗೂ ಇಂದಿಗೂ ಇರುವ ಅಂತರವನ್ನೇ ನಿಜ ಓಡಾಟವೆಂದು ಹಿಡಿಯಬಹುದು. ದಿನಕ್ಕೊಂದೇ ಧಾರಣೆ ಸಿಗುವ ನಮ್ಮೂರ ಕಾಫಿ ಚೆರಿ, ಪಾರ್ಚ್‌ಮೆಂಟ್‌ಗಳಿಗೂ ಇದೇ ಕ್ರಮ.

ದಾಸ್ತಾನು ಇರುವವರಿಗೆ

ಮಾಲನ್ನು ಕಂತುಗಳಲ್ಲಿ ಮಾರುವವರಿಗೆ ಎ.ಟಿ.ಆರ್.ನ ಉಪಯೋಗ ಹೀಗಿದೆ. ಎ.ಟಿ.ಆರ್. 60 ಇರುವಾಗ ದಿನದಲ್ಲಿ 50 ಡಾಲರ್ ಇಳಿದರೆ ಅದು ಆ ಪೇಟೆಯ ನಿತ್ಯದ ಓಡಾಟ, ಗಾಬರಿಯಿಂದ ಮಾರಬೇಕಿಲ್ಲ. ಏರಿಕೆಯ ಕಾಲದಲ್ಲಿ ಈವರೆಗಿನ ಅತಿ ಹೆಚ್ಚಿನ ಮುಕ್ತಾಯ 4400 ಆಗಿದ್ದರೆ, ಅದರಿಂದ ಎ.ಟಿ.ಆರ್.ನ ಮೂರರಷ್ಟು, ಅಂದರೆ 180 ಕಳೆದು 4220 ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬಹುದು. ಮುಕ್ತಾಯ ಅದಕ್ಕಿಂತ ಕೆಳಗೆ ಬಂದ ದಿನ ಮುಂದಿನ ಕಂತನ್ನು ತಡಮಾಡದೆ ಮಾರುವ ವಿಚಾರ ಮಾಡಬೇಕು. ಹೊಸ ಎತ್ತರ ಬಂದಾಗಲೆಲ್ಲ ಆ ಅಂಕಿಯನ್ನು ಏರಿಸಬೇಕು, ಇಳಿಸಬಾರದು. ಆದರೆ ಒಂದೇ ರಾತ್ರಿಯಲ್ಲಿ ಪೇಟೆ ಕೆಳಕ್ಕೆ ಜಿಗಿದರೆ ನಾವು ಬರೆದಿಟ್ಟ ಧಾರಣೆ ಸಿಗಲಾರದು. ರೂಪಾಯಿ-ಡಾಲರ್ ವಿನಿಮಯ ದರದ ಬದಲಾವಣೆಯೂ ಈ ಲೆಕ್ಕದಲ್ಲಿ ಸೇರಿಲ್ಲ. ಆದಕಾರಣ ಸಾಲದ ಕಂತಿಗೂ ಕೂಲಿಗೂ ಬೇಕಾದಷ್ಟು ಮಾಲನ್ನು ಪಟ್ಟಿ ನೋಡುತ್ತಾ ಹಿಡಿದಿಟ್ಟುಕೊಳ್ಳದೆ ಮೊದಲೇ ಮಾರಿಕೊಳ್ಳುವುದು ಲೇಸು.