ಮುಟ್ಟುಗೋಲಾದ ಷೇರಿನ ಪ್ರೀಮಿಯಂ ಯಾವಾಗ ಉಳಿಯುತ್ತದೆ, ಯಾವಾಗ ಅಳಿಯುತ್ತದೆ?

ಓದುಗರ ಪ್ರಶ್ನೆ: ನಾನು ಬಿ.ಕಾಂ. ಓದುತ್ತಿದ್ದೇನೆ. ಮನೆಯಲ್ಲಿ ಹಿರಿಯರೆಲ್ಲ ನೇಕಾರರ ಸಹಕಾರ ಸಂಘದ ಷೇರುದಾರರು. ಸಂಘದ ಷೇರಿನ ಲೆಕ್ಕ ಅರ್ಥವಾಗುತ್ತದೆ, ಆದರೆ ಕಂಪನಿಯ ಷೇರು ಮುಟ್ಟುಗೋಲಿನ ಲೆಕ್ಕದಲ್ಲಿ ತಡವರಿಸುತ್ತೇನೆ. ಒಂದು ಲೆಕ್ಕದಲ್ಲಿ ಪ್ರೀಮಿಯಂ ಖಾತೆಯನ್ನು ಡೆಬಿಟ್ ಮಾಡುತ್ತಾರೆ, ಇನ್ನೊಂದರಲ್ಲಿ ಮುಟ್ಟುವುದೇ ಇಲ್ಲ. ಷೇರುಗಳನ್ನು ಮತ್ತೆ ಮಾರಿದ ಮೇಲೆ ಬಂಡವಾಳ ಮೀಸಲಿಗೆ ಎಷ್ಟು ಹೋಗಬೇಕೆಂಬುದೂ ಪ್ರತಿ ಸಲ ತಪ್ಪುತ್ತದೆ. ಇದಕ್ಕೊಂದು ನಿಯಮ ಇದೆಯೇ?
— ವಿದ್ಯಾರ್ಥಿನಿ, ಎಮ್ಮಿಗನೂರು

ಉತ್ತರ: ಇದೆ, ಒಂದೇ ನಿಯಮ. ಮುಟ್ಟುಗೋಲು ಹಾಕುವಾಗ ಬಾರದ ಹಣಕ್ಕಾಗಿ ಹಿಂದೆ ಬರೆದದ್ದನ್ನು ಮಾತ್ರ ಅಳಿಸಬೇಕು, ಬಂದ ಹಣದ ಲೆಕ್ಕ ಅಳಿಯಬಾರದು. ಪ್ರೀಮಿಯಂ ಕೈಗೆ ಬಂದಿದ್ದರೆ ಆ ಖಾತೆಯನ್ನು ಮುಟ್ಟುವಂತಿಲ್ಲ. ಬರಬೇಕೆಂದು ಬರೆದು ಬಾರದೆ ಉಳಿದಿದ್ದರೆ ಡೆಬಿಟ್ ಮಾಡಿ ತೆಗೆಯಬೇಕು.

ನಿಮ್ಮ ಗೊಂದಲ ಶುರುವಾಗುವುದು ಬಹುಶಃ ಸಂಘದ ಷೇರಿನಿಂದಲೇ. 1938ರಲ್ಲಿ ಮಾಚಾನಿ ಸೋಮಪ್ಪನವರ ಮುಂದಾಳತನದಲ್ಲಿ ಹುಟ್ಟಿದ ನಿಮ್ಮೂರಿನ ನೇಕಾರರ ಸಂಘದಂಥ ಸಹಕಾರಿ ಸಂಸ್ಥೆಗಳಲ್ಲಿ ಷೇರೆಂದರೆ ಸದಸ್ಯತ್ವ. ಅದು ಮುಖಬೆಲೆಯಲ್ಲೇ ಬರುತ್ತದೆ, ಸದಸ್ಯ ಬಿಟ್ಟುಹೋದಾಗ ಸಾಮಾನ್ಯವಾಗಿ ಮುಖಬೆಲೆಯಲ್ಲೇ ಹಿಂದಿರುಗುತ್ತದೆ. ಹೀಗಾಗಿ ಅಲ್ಲಿ ಪ್ರೀಮಿಯಂ ಪ್ರಶ್ನೆಯೇ ಏಳುವುದಿಲ್ಲ. ಕಂಪನಿಯಾದರೆ ಮುಖಬೆಲೆಗಿಂತ ಹೆಚ್ಚಿಗೆ ಕೇಳಬಹುದು, ಹಣವನ್ನು ಕಂತಿನಲ್ಲಿ ಕರೆಯಬಹುದು, ಕಂತು ಕಟ್ಟದವರ ಷೇರನ್ನು ಕಿತ್ತುಕೊಂಡು ಬೇರೆಯವರಿಗೆ ಕೊಡಬಹುದು. ತೊಡಕೆಲ್ಲ ಇರುವುದು ಇಲ್ಲಿಯೇ.

ಒಂದು ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಮಾಡೋಣ. ನೂಲಿನ ಕಂಪನಿಯೊಂದು ₹10 ಮುಖಬೆಲೆಯ 10,000 ಷೇರುಗಳನ್ನು ₹5 ಪ್ರೀಮಿಯಂ ಸೇರಿಸಿ ₹15ಕ್ಕೆ ನೀಡಿತು ಎಂದಿಟ್ಟುಕೊಳ್ಳಿ. ಅರ್ಜಿಯ ಜೊತೆ ₹4, ಹಂಚಿಕೆಯಾದಾಗ ಪ್ರೀಮಿಯಂ ಸೇರಿ ₹7, ಮೊದಲ ಮತ್ತು ಕೊನೆಯ ಕರೆಗೆ ₹4. ಎಷ್ಟು ಷೇರುಗಳಿದ್ದವೋ ಅಷ್ಟಕ್ಕೇ ಅರ್ಜಿ ಬಂದವು. 200 ಷೇರು ಪಡೆದ ಒಬ್ಬರು ಕೊನೆಯ ಕರೆಯ ಹಣ ಮಾತ್ರ ಕಟ್ಟಲಿಲ್ಲ. 100 ಷೇರು ಪಡೆದ ಇನ್ನೊಬ್ಬರು ಅರ್ಜಿಯ ಹಣ ಕಟ್ಟಿದ್ದಷ್ಟೇ, ಮುಂದಿನ ಎರಡೂ ಕಂತು ಕಟ್ಟಲಿಲ್ಲ. ಮೊದಲನೆಯವರನ್ನು ಅ ಎಂದೂ ಎರಡನೆಯವರನ್ನು ಬ ಎಂದೂ ಕರೆಯೋಣ.

ಅರ್ಜಿಯ ಹಣ ಬಂದಾಗ:

ಬ್ಯಾಂಕ್ ಖಾತೆ ಡೆಬಿಟ್ 40,000
ಷೇರು ಅರ್ಜಿ ಖಾತೆಗೆ 40,000

ಹಂಚಿಕೆ ಆಗುವ ತನಕ ಈ ಹಣ ಬಂಡವಾಳವಲ್ಲ, ಅರ್ಜಿದಾರರದ್ದು. ನಿರ್ದೇಶಕ ಮಂಡಳಿ ಷೇರು ಹಂಚಿದ ಮೇಲೆ ಅದು ಬಂಡವಾಳವಾಗುತ್ತದೆ, ಜೊತೆಗೆ ಹಂಚಿಕೆಯ ಕಂತೂ ಬರಬೇಕಾದ ಹಣವಾಗುತ್ತದೆ:

ಷೇರು ಅರ್ಜಿ ಖಾತೆ ಡೆಬಿಟ್ 40,000
ಷೇರು ಬಂಡವಾಳ ಖಾತೆಗೆ 40,000

ಷೇರು ಹಂಚಿಕೆ ಖಾತೆ ಡೆಬಿಟ್ 70,000
ಷೇರು ಬಂಡವಾಳ ಖಾತೆಗೆ 20,000
ಸೆಕ್ಯುರಿಟೀಸ್ ಪ್ರೀಮಿಯಂ ಖಾತೆಗೆ 50,000

ಎರಡನೆಯ ನಮೂದನ್ನು ಗಮನಿಸಿ. ಹಂಚಿಕೆಯ ಒಂದು ರೂಪಾಯಿಯೂ ಇನ್ನೂ ಬಂದಿಲ್ಲ, ಆದರೂ ಹತ್ತು ಸಾವಿರ ಷೇರುಗಳ ಪ್ರೀಮಿಯಂ ಪೂರ್ತಿ ಕ್ರೆಡಿಟ್ ಆಗಿದೆ. ಅದರಲ್ಲಿ ಬ ಅವರ ₹500 ಕೂಡ ಸೇರಿದೆ. ಮುಂದೆ ತೆಗೆಯಬೇಕಾಗುವುದು ಇದನ್ನೇ.

ಹಂಚಿಕೆಯ ಹಣದಲ್ಲಿ ಬ ಅವರ ₹700 ಬರಲಿಲ್ಲ:

ಬ್ಯಾಂಕ್ ಖಾತೆ ಡೆಬಿಟ್ 69,300
ಬಾಕಿ ಕರೆಗಳ ಖಾತೆ ಡೆಬಿಟ್ 700
ಷೇರು ಹಂಚಿಕೆ ಖಾತೆಗೆ 70,000

ಕೊನೆಯ ಕರೆ ಕೊಟ್ಟಾಗ 300 ಷೇರುಗಳ ಹಣ ಬರಲಿಲ್ಲ:

ಷೇರು ಕರೆ ಖಾತೆ ಡೆಬಿಟ್ 40,000
ಷೇರು ಬಂಡವಾಳ ಖಾತೆಗೆ 40,000

ಬ್ಯಾಂಕ್ ಖಾತೆ ಡೆಬಿಟ್ 38,800
ಬಾಕಿ ಕರೆಗಳ ಖಾತೆ ಡೆಬಿಟ್ 1,200
ಷೇರು ಕರೆ ಖಾತೆಗೆ 40,000

ಬಾಕಿ ಕರೆಗಳ ಖಾತೆಯಲ್ಲಿ ಈಗ ₹1,900 ಇದೆ: ಅ ಅವರದ್ದು ₹800, ಬ ಅವರದ್ದು ₹1,100. ಪರೀಕ್ಷೆಯಲ್ಲಾಗಲಿ ಕಚೇರಿಯಲ್ಲಾಗಲಿ ಈ ಹಂತದಲ್ಲಿ ನಿಂತು ಯಾರ ಬಾಕಿ ಎಷ್ಟು ಎಂದು ಬಿಡಿಸಿ ಬರೆದಿಟ್ಟುಕೊಂಡರೆ ಮುಂದಿನ ಕೆಲಸ ಅರ್ಧ ಮುಗಿದಂತೆ.

ಬಾಕಿ ಉಳಿದ ಮಾತ್ರಕ್ಕೆ ಷೇರು ಮುಟ್ಟುಗೋಲಾಗುವುದಿಲ್ಲ. ಕಂಪನಿಯ ನಿಯಮಾವಳಿ ಆ ಅಧಿಕಾರ ಕೊಟ್ಟಿರಬೇಕು. 2013ರ ಕಂಪನಿ ಕಾಯ್ದೆಯ ಜೊತೆಗಿರುವ ಮಾದರಿ ನಿಯಮಾವಳಿಯ ಪ್ರಕಾರ, ಬಾಕಿದಾರನಿಗೆ ಕನಿಷ್ಠ 14 ದಿನಗಳ ಗಡುವಿಟ್ಟು ನೋಟಿಸು ಕೊಡಬೇಕು. ಕಟ್ಟದಿದ್ದರೆ ಷೇರು ಮುಟ್ಟುಗೋಲಾದೀತು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಗಡುವು ದಾಟಿದ ಮೇಲೆ ಮಂಡಳಿ ನಿರ್ಣಯ ಮಾಡಬೇಕು. ಆ ನಿರ್ಣಯ ಆದ ಮೇಲೆಯೇ ಜರ್ನಲ್ ನಮೂದು.

ಅ ಅವರ 200 ಷೇರುಗಳು:

ಷೇರು ಬಂಡವಾಳ ಖಾತೆ ಡೆಬಿಟ್ 2,000
ಬಾಕಿ ಕರೆಗಳ ಖಾತೆಗೆ 800
ಷೇರು ಮುಟ್ಟುಗೋಲು ಖಾತೆಗೆ 1,200

ಅ ಅವರು ಒಂದು ಷೇರಿಗೆ ಕಟ್ಟಿದ್ದು ₹11. ಅದರಲ್ಲಿ ಬಂಡವಾಳದ ಪಾಲು ₹6, ಪ್ರೀಮಿಯಂ ₹5. ಬಂಡವಾಳದ ಪಾಲಾದ ₹1,200 ಮುಟ್ಟುಗೋಲು ಖಾತೆಗೆ ಹೋಯಿತು. ಪ್ರೀಮಿಯಂ ₹1,000 ಇದ್ದಲ್ಲೇ ಉಳಿಯಿತು. ಬಂದ ಪ್ರೀಮಿಯಂ ಹಣವನ್ನು ಯಾವುದಕ್ಕೆ ಬಳಸಬಹುದೆಂದು ಕಾಯ್ದೆಯ 52ನೇ ಕಲಮು ಪಟ್ಟಿ ಮಾಡಿಟ್ಟಿದೆ: ಬೋನಸ್ ಷೇರು ಕೊಡುವುದು, ಷೇರು ನೀಡಿಕೆಯ ಖರ್ಚು ತೀರಿಸುವುದು, ಹೀಗೆ. ಮುಟ್ಟುಗೋಲಿಗಾಗಿ ಅದನ್ನು ತಗ್ಗಿಸುವ ಮಾತು ಆ ಪಟ್ಟಿಯಲ್ಲಿಲ್ಲ.

ಬ ಅವರ 100 ಷೇರುಗಳು:

ಷೇರು ಬಂಡವಾಳ ಖಾತೆ ಡೆಬಿಟ್ 1,000
ಸೆಕ್ಯುರಿಟೀಸ್ ಪ್ರೀಮಿಯಂ ಖಾತೆ ಡೆಬಿಟ್ 500
ಬಾಕಿ ಕರೆಗಳ ಖಾತೆಗೆ 1,100
ಷೇರು ಮುಟ್ಟುಗೋಲು ಖಾತೆಗೆ 400

ಇಲ್ಲಿ ಆ ₹500 ಬರೀ ಕಾಗದದ ಮೇಲಿನ ಪ್ರೀಮಿಯಂ. ಹಣ ಬಂದಿರಲಿಲ್ಲವಾದ್ದರಿಂದ 52ನೇ ಕಲಮಿನ ಕಟ್ಟು ಅದಕ್ಕೆ ತಗಲುವುದಿಲ್ಲ, ಹಿಂದಿನ ಕ್ರೆಡಿಟ್ ರದ್ದಾಗುತ್ತದೆ. ಎರಡು ನಮೂದುಗಳಲ್ಲೂ ಮುಟ್ಟುಗೋಲು ಖಾತೆಗೆ ಹೋದದ್ದು ಬಂಡವಾಳದ ಲೆಕ್ಕದಲ್ಲಿ ನಿಜಕ್ಕೂ ಕೈಸೇರಿದ ಹಣ ಮಾತ್ರ.

ಪ್ರೀಮಿಯಂ ಯಾವಾಗಲೂ ಹಂಚಿಕೆಯಲ್ಲೇ ಇರುತ್ತದೆಂದು ಮಾತ್ರ ಬಾಯಿಪಾಠ ಮಾಡಬೇಡಿ. 2020ರಲ್ಲಿ ರಿಲಯನ್ಸ್ ಇಂಡಸ್ಟ್ರೀಸ್ ತನ್ನ ಷೇರುದಾರರಿಗೆ ಹಕ್ಕಿನ ಷೇರು ಕೊಟ್ಟಾಗ ₹10 ಮುಖಬೆಲೆಗೆ ₹1,247 ಪ್ರೀಮಿಯಂ ಸೇರಿ ಬೆಲೆ ₹1,257 ಇತ್ತು. ಅರ್ಜಿಯಲ್ಲೇ ₹314.25 ಕಟ್ಟಬೇಕಿತ್ತು. ಅದರಲ್ಲಿ ಬಂಡವಾಳ ₹2.50, ಪ್ರೀಮಿಯಂ ₹311.75. ಉಳಿದದ್ದನ್ನು 2021ರ ಮೇ ಮತ್ತು ನವೆಂಬರಿನಲ್ಲಿ ಎರಡು ಕರೆಗಳಾಗಿ ಕೇಳಿದರು. ಇಂಥ ನೀಡಿಕೆಯಲ್ಲಿ ಅರ್ಜಿಯ ಹಣ ಕಟ್ಟಿ ಎರಡೂ ಕರೆ ತಪ್ಪಿಸಿದವರ ಷೇರನ್ನು ಮುಟ್ಟುಗೋಲು ಹಾಕಬೇಕಾದರೆ, ಷೇರೊಂದಕ್ಕೆ ಬಂಡವಾಳ ₹10 ಮತ್ತು ಬಾರದ ಪ್ರೀಮಿಯಂ ₹935.25 ಡೆಬಿಟ್ ಆಗುತ್ತವೆ. ಬಾಕಿ ಕರೆಗಳಿಗೆ ₹942.75, ಮುಟ್ಟುಗೋಲು ಖಾತೆಗೆ ₹2.50 ಕ್ರೆಡಿಟ್. ಅರ್ಜಿಯ ಜೊತೆ ಬಂದ ₹311.75 ಪ್ರೀಮಿಯಂ ಹಾಗೇ ಉಳಿಯುತ್ತದೆ. ಒಂದೇ ಷೇರಿನ ಪ್ರೀಮಿಯಂನಲ್ಲಿ ಒಂದು ಭಾಗ ಉಳಿದು ಇನ್ನೊಂದು ಭಾಗ ಅಳಿಯುವುದೂ ಉಂಟು. ಆದ್ದರಿಂದ ಕಂತಿನ ಹೆಸರು ನೋಡಬೇಡಿ, ಆ ಕಂತಿನ ಹಣ ಬಂತೇ ಎಂದು ನೋಡಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನಮ್ಮ ನೂಲಿನ ಕಂಪನಿ ಅ ಅವರ 200 ಷೇರುಗಳನ್ನೂ ಬ ಅವರ 100ರಲ್ಲಿ 50ನ್ನೂ, ಪೂರ್ತಿ ಪಾವತಿಯಾದ ಷೇರುಗಳೆಂದು ₹8ರಂತೆ ಮತ್ತೆ ನೀಡಿತು:

ಬ್ಯಾಂಕ್ ಖಾತೆ ಡೆಬಿಟ್ 2,000
ಷೇರು ಮುಟ್ಟುಗೋಲು ಖಾತೆ ಡೆಬಿಟ್ 500
ಷೇರು ಬಂಡವಾಳ ಖಾತೆಗೆ 2,500

ಮುಖಬೆಲೆಗಿಂತ ಕಡಿಮೆಗೆ ಷೇರು ನೀಡುವುದನ್ನು 53ನೇ ಕಲಮು ಸಾಮಾನ್ಯವಾಗಿ ನಿಷೇಧಿಸಿದೆಯಲ್ಲ ಎಂದು ನೀವು ಕೇಳಬಹುದು. ಇದು ಹೊಸ ನೀಡಿಕೆಯಲ್ಲ. ಆ ಷೇರಿನ ಮೇಲೆ ಹಳಬರು ಕಟ್ಟಿದ ಬಂಡವಾಳ ಕಂಪನಿಯ ಬಳಿ ಇದೆ, ಕಡಿಮೆ ಬಿದ್ದ ₹2 ಅದರಿಂದ ತುಂಬುತ್ತದೆ. ಹಾಗಾಗಿ ರಿಯಾಯಿತಿಗೆ ಮಿತಿಯೂ ಅಲ್ಲಿಯೇ ಇದೆ: ಅ ಅವರ ಷೇರನ್ನು ₹4ಕ್ಕಿಂತ, ಬ ಅವರ ಷೇರನ್ನು ₹6ಕ್ಕಿಂತ ಕೆಳಗೆ ಮಾರುವಂತಿಲ್ಲ.

ಬಹಳ ಜನ ಎಡವುವುದು ಮುಂದಿನ ನಮೂದಿನಲ್ಲಿ. ಮುಟ್ಟುಗೋಲು ಖಾತೆಯಲ್ಲಿದ್ದ ಒಟ್ಟು ₹1,600ರಲ್ಲಿ ₹500 ಕಳೆದು, ಉಳಿದ ₹1,100ನ್ನೂ ಬಂಡವಾಳ ಮೀಸಲಿಗೆ ದಾಟಿಸಿಬಿಡುತ್ತಾರೆ. ಅದು ತಪ್ಪು. ಬ ಅವರ 50 ಷೇರುಗಳು ಇನ್ನೂ ಮಾರಾಟವಾಗಿಲ್ಲ, ನಾಳೆ ಅವಕ್ಕೆ ಎಷ್ಟು ರಿಯಾಯಿತಿ ಕೊಡಬೇಕಾಗುತ್ತದೋ ತಿಳಿಯದು. ಮಾರಿದ ಷೇರುಗಳ ಲಾಭ ಮಾತ್ರ ಖಚಿತ. ಒಬ್ಬೊಬ್ಬರ ಷೇರನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿ: ಅ ಅವರ ಷೇರಿಗೆ ₹6ರಲ್ಲಿ ₹2 ಹೋಗಿ ₹4, ಇನ್ನೂರಕ್ಕೆ ₹800. ಬ ಅವರ ಷೇರಿಗೆ ₹4ರಲ್ಲಿ ₹2 ಹೋಗಿ ₹2, ಐವತ್ತಕ್ಕೆ ₹100.

ಷೇರು ಮುಟ್ಟುಗೋಲು ಖಾತೆ ಡೆಬಿಟ್ 900
ಬಂಡವಾಳ ಮೀಸಲು ಖಾತೆಗೆ 900

ಷೇರಿನ ವ್ಯವಹಾರದಲ್ಲಿ ಬಂದ ಈ ಲಾಭ ವ್ಯಾಪಾರದ ಲಾಭವಲ್ಲ, ಅದಕ್ಕೇ ಲಾಭ-ನಷ್ಟದ ಖಾತೆಗೆ ಹೋಗುವುದಿಲ್ಲ. ಮಾರಾಟವಾಗದ 50 ಷೇರುಗಳ ₹200 ಮುಟ್ಟುಗೋಲು ಖಾತೆಯಲ್ಲೇ ಕೂತು, ಆಸ್ತಿ-ಹೊಣೆ ಪಟ್ಟಿಯಲ್ಲಿ ಷೇರು ಬಂಡವಾಳದ ಟಿಪ್ಪಣಿಯೊಳಗೆ ಕೂಡಿಕೆಯಾಗಿ ಕಾಣುತ್ತದೆ.

ಲೆಕ್ಕ ಸರಿಯಿದೆಯೇ ಎಂದು ನೋಡಲು ಕೊನೆಗೊಂದು ತಾಳೆ. ಬ್ಯಾಂಕಿಗೆ ಬಂದದ್ದು 40,000, 69,300, 38,800 ಮತ್ತು 2,000, ಒಟ್ಟು ₹1,50,100. ಇನ್ನೊಂದು ಬದಿಯಲ್ಲಿ 9,950 ಷೇರುಗಳ ಬಂಡವಾಳ ₹99,500, ಪ್ರೀಮಿಯಂ ₹49,500, ಬಂಡವಾಳ ಮೀಸಲು ₹900, ಮುಟ್ಟುಗೋಲು ₹200, ಒಟ್ಟು ₹1,50,100. ಬಾಕಿ ಕರೆಗಳ ಖಾತೆ ಸೊನ್ನೆ. ಆದರೆ ಮೀಸಲಿಗೆ ₹1,100 ದಾಟಿಸಿದ್ದರೂ ಈ ಮೊತ್ತ ತಾಳೆಯಾಗಿಬಿಡುತ್ತಿತ್ತು ಎಂಬುದು ನೆನಪಿರಲಿ. ಆದ್ದರಿಂದ ಇನ್ನೊಂದು ಪ್ರಶ್ನೆಯನ್ನೂ ತಪ್ಪದೆ ಹಾಕಿಕೊಳ್ಳಿ: ಮುಟ್ಟುಗೋಲು ಖಾತೆಯಲ್ಲಿ ಉಳಿದಿರುವ ಹಣ, ಮಾರಾಟವಾಗದ ಷೇರುಗಳ ಮೇಲೆ ಬಂದ ಬಂಡವಾಳಕ್ಕೆ ಸಮನಾಗಿದೆಯೇ? 50 ಷೇರು, ತಲಾ ₹4, ₹200. ಈ ಎರಡೂ ತಾಳೆಯಾದರೆ ನಿಮ್ಮ ಉತ್ತರ ಸರಿ ಎಂದು ಧೈರ್ಯವಾಗಿ ಗೆರೆ ಎಳೆಯಿರಿ.