ಮ್ಯಾನೇಜರ್ ಆಗದೆಯೂ ಬಡ್ತಿ

ತಂಡ ನಡೆಸುವ ಮನಸ್ಸಿಲ್ಲದಿದ್ದರೆ ತಪ್ಪೇನಿಲ್ಲ. ನಿಮ್ಮ ಕಂಪನಿ ಕೊಟ್ಟಿರುವ ಕರಿಯರ್ ಲ್ಯಾಡರ್‌ನಲ್ಲಿ ‘ಸೀನಿಯರ್’, ‘ಸ್ಟಾಫ್’ ಎಂಜಿನಿಯರ್ ಭಾಗಗಳನ್ನು ಅಕ್ಕಪಕ್ಕ ಇಟ್ಟು ಓದಿ. ಸಾಮಾನ್ಯವಾಗಿ ಸೀನಿಯರ್ ತಮ್ಮ ತಂಡದ ಕೆಲಸ ಮುಗಿಸಿಕೊಡುತ್ತಾರೆ. ಸ್ಟಾಫ್ ಹಲವು ತಂಡಗಳನ್ನು ಕಾಡುವ ಸಮಸ್ಯೆಯನ್ನು ತಾವೇ ಗುರುತಿಸಿ ಬಗೆಹರಿಸುತ್ತಾರೆ. ಇನ್ನಷ್ಟು ಕೋಡ್ ಬರೆದರೆ ಈ ಅಂತರ ತುಂಬದು.

ಪೇಮೆಂಟ್ ವಿಫಲವಾದಾಗ ಮತ್ತೆ ಪ್ರಯತ್ನಿಸುವ ಕೋಡನ್ನು ಮೂರು ತಂಡಗಳು ಬೇರೆ ಬೇರೆಯಾಗಿ ಬರೆದು, ಕೆಲವು ಗ್ರಾಹಕರ ಹಣ ಎರಡು ಸಲ ಕಡಿತವಾಗುತ್ತಿದೆ ಅನ್ನಿ. ಒಂದೇ ಲೈಬ್ರರಿಯ ವಿನ್ಯಾಸ ಬರೆದು, ಮೂರೂ ತಂಡಗಳನ್ನು ಒಪ್ಪಿಸಿ, ದೂರುಗಳು ಎಷ್ಟು ಇಳಿದವೆಂದು ದಾಖಲಿಸಿಡಿ. ಬಡ್ತಿಯ ಚರ್ಚೆಯಲ್ಲಿ ತೂಗುವ ಪುರಾವೆ ಇದು.

ಆದರೆ ಮೊದಲು, ಸ್ಟಾಫ್ ಹುದ್ದೆಯಲ್ಲಿ ಈಗ ಯಾರಿದ್ದಾರೆ, ಸಂಬಳ ಮ್ಯಾನೇಜರ್‌ಗೆ ಸಮವೇ ಎಂದು ಎಚ್‌ಆರ್‌ನವರನ್ನು ಕೇಳಿ. ವರ್ಷಗಳಿಂದ ಯಾರೂ ಆ ಹುದ್ದೆಗೆ ಏರಿಲ್ಲವಾದರೆ, ಬೇರೆ ಕಂಪನಿ ನೋಡಿಕೊಳ್ಳಿ.