ಕ್ಯಾಪ್ಟನ್ನರನ್ನು ಕಳಿಸಿಕೊಡುವಾಗ

ನೋಡಪ್ಪ, ಈ ಭಾನುವಾರದ ಮ್ಯಾಚ್ ಮುಗಿಸಿ ನಿಮ್ಮ ಕ್ಯಾಪ್ಟನ್ ಕೆಳಗಿಳಿಯುತ್ತಾರಂತೆ, ಮುಂದಿನ ಹೊಣೆ ನಿನ್ನದಂತೆ. ಶಾಲು, ಹಾರ, ಹಣ್ಣಿನ ಬುಟ್ಟಿಯನ್ನು ಯಾರಾದರೂ ತರುತ್ತಾರೆ. ನಿನ್ನ ಯೋಚನೆ ಮೈದಾನದ ಒಳಗಿನದ್ದಾಗಿರಲಿ.

2008ರ ಆಸ್ಟ್ರೇಲಿಯಾ ಸರಣಿ ನೆನಪಿಸಿಕೋ. ನಾಲ್ಕು ಟೆಸ್ಟ್. ಬೆಂಗಳೂರಿನಲ್ಲಿ ನಮ್ಮ ಕುಂಬ್ಳೆ ನಾಯಕ, ಪಂದ್ಯ ಡ್ರಾ. ಗಾಯಗೊಂಡು ಅವರು ಹೊರಗುಳಿದ ಮೊಹಾಲಿಯಲ್ಲಿ ಧೋನಿ ಮುನ್ನಡೆಸಿ ಗೆದ್ದರು. ದೆಹಲಿಯಲ್ಲಿ ಮತ್ತೆ ಕುಂಬ್ಳೆ. ಅಲ್ಲಿ ಎಡಗೈ ಕಿರುಬೆರಳು ಸೀಳಿ 11 ಹೊಲಿಗೆ ಬಿತ್ತು. ಆ ಕೈಯಲ್ಲೇ ಬಂದು ಬೌಲಿಂಗ್ ಮಾಡಿದರು. ಪಂದ್ಯದ ಕೊನೆಯ ದಿನ, ನವೆಂಬರ್ 2ರಂದು, ನಿವೃತ್ತಿ ಹೇಳಿದರು. ಹುಡುಗರು ಹೆಗಲ ಮೇಲೆ ಹೊತ್ತು ಮೆರೆಸಿದರು. 1999ರಲ್ಲಿ ಒಂದೇ ಇನ್ನಿಂಗ್ಸಿನಲ್ಲಿ ಹತ್ತೂ ವಿಕೆಟ್ ಕಿತ್ತಿದ್ದ ಅದೇ ಕೋಟ್ಲಾ ಮೈದಾನ!

ನನಗೆ ಆ ಮೆರವಣಿಗೆಗಿಂತ ಹೆಚ್ಚಿನದು ಮುಂದಿನ ವಾರ ನಾಗಪುರದಲ್ಲಿ ನಡೆದದ್ದು. ಧೋನಿ ನಾಯಕತ್ವದಲ್ಲಿ ಭಾರತ ಗೆದ್ದು ಸರಣಿ 2-0 ಆಯಿತು. ಟ್ರೋಫಿ ಕೊಡುವ ಹೊತ್ತಿಗೆ ಧೋನಿ ಕುಂಬ್ಳೆಯವರನ್ನು ವೇದಿಕೆಗೆ ಕರೆದರು, ಇಬ್ಬರೂ ಸೇರಿ ಎತ್ತಿದರು. ಅದನ್ನು ಬರೀ ದೊಡ್ಡತನ ಅಂತ ತಿಳಿಯಬೇಡ. ನಾಲ್ಕರಲ್ಲಿ ಎರಡು ಟೆಸ್ಟ್ ನಡೆಸಿದವರು ಕುಂಬ್ಳೆ, ಆ ಟ್ರೋಫಿಯಲ್ಲಿ ಅವರ ಪಾಲಿತ್ತು. ನಿಮ್ಮ ತಂಡ ಈ ಲೀಗ್ ಗೆದ್ದರೆ ಕಪ್ ತೆಗೆದುಕೊಳ್ಳಲು ನಿಮ್ಮ ಹಳೆಯ ಕ್ಯಾಪ್ಟನ್ನರನ್ನೂ ಕರೆ, ಅಷ್ಟು ಹೊತ್ತಿಗೆ ಅವರು ಆಡುತ್ತಿರಲಿ, ಬಿಡಲಿ.

ಅದೇ ನಾಗಪುರ ಗಂಗೂಲಿಯವರ ಕೊನೆಯ ಟೆಸ್ಟ್. ಧೋನಿ ಕೆಲವು ಓವರ್ ಅವರಿಗೇ ತಂಡ ಒಪ್ಪಿಸಿದರು. ಯಾವಾಗ ಒಪ್ಪಿಸಿದರು ಅನ್ನುವುದನ್ನು ನೀನು ಗಮನಿಸಬೇಕು: ಗೆಲುವು ಕೈಗೆ ಬಂದ ಮೇಲೆ. ಭಾನುವಾರ ನಿಮ್ಮಲ್ಲೂ ಯಾರಾದರೂ ‘ಅಣ್ಣ ಕೊನೆ ಓವರ್ ಹಾಕಲಿ’ ಅಂದೇ ಅನ್ನುತ್ತಾರೆ. ಎದುರಾಳಿಗೆ ಐವತ್ತು ರನ್ ಬೇಕಿದ್ದರೆ ಹಾಕಲಿ. ಎಂಟೇ ಬೇಕಿದ್ದರೆ, ಯಾವತ್ತೂ ಆ ಓವರ್ ಹಾಕುವ ಹುಡುಗನೇ ಹಾಕಲಿ. ಪ್ರೀತಿಗೆ ಅಂತ ಕೊಟ್ಟ ಓವರಿನಲ್ಲಿ ಮ್ಯಾಚ್ ಸೋತರೆ ಆ ನೋವು ಹೊತ್ತುಕೊಂಡು ಮನೆಗೆ ಹೋಗುವವರು ಅವರೇ.

ಅವರು ಮುಂದಿನ ಸೀಸನ್ ಆಟಗಾರರಾಗಿ ಉಳಿಯುತ್ತಾರಾದರೆ ಇನ್ನೊಂದು ತೊಡಕಿದೆ. ಸ್ಲಿಪ್‌ನಲ್ಲಿ ನಿಂತ ಹಳೆಯ ಕ್ಯಾಪ್ಟನ್ನಿನ ಕೈ ತಾನಾಗಿ ಮೇಲೇಳುತ್ತದೆ, ಕವರ್‌ನಲ್ಲಿದ್ದವನು ಎರಡು ಹೆಜ್ಜೆ ಸರಿದುಬಿಡುತ್ತಾನೆ. ಬೌಲರ್ ಒಮ್ಮೆ ನಿನ್ನನ್ನು, ಒಮ್ಮೆ ಅವರನ್ನು ನೋಡಲು ಶುರುಮಾಡಿದನೋ, ತಂಡಕ್ಕೆ ಇಬ್ಬರು ನಾಯಕರಾದರು ಅಂತಲೇ ಲೆಕ್ಕ. ಇದನ್ನು ಮೈದಾನದಲ್ಲಿ ಸರಿಮಾಡಲು ಹೋಗಬೇಡ, ಹತ್ತು ಜನರೆದುರು ಅವರ ಮುಖ ಸಣ್ಣದಾಗುತ್ತದೆ. ಸೀಸನ್ನಿಗೆ ಮುಂಚೆಯೇ ಅವರ ಮನೆಗೆ ಹೋಗು. ‘ಅಣ್ಣ, ಏನೇ ತೋಚಿದರೂ ಓವರ್ ಮುಗಿದಾಗ ನನ್ನ ಹತ್ತಿರ ಬಂದು ಹೇಳಿ, ಫೀಲ್ಡರ್‌ಗಳನ್ನು ನಾನೇ ಸರಿಸುತ್ತೇನೆ’ ಅಂತ ನೇರವಾಗಿ ಕೇಳಿಕೋ. ಯಾವ ಬೌಲರ್‌ನ ಭುಜ ಎಷ್ಟು ಓವರ್ ತಡೆಯುತ್ತದೆ, ಯಾವ ಹುಡುಗನಿಗೆ ಗದರಿದರೆ ಆಟವೇ ಕೆಡುತ್ತದೆ ಅನ್ನುವುದನ್ನೂ ಅಂದೇ ಕೇಳಿ ಬರೆದುಕೊಂಡು ಬಾ.